ನಮ್ಮಕ್ಕನ ದುಡ್ಡೂ ಅಲ್ಲೇ ಇತ್ತ್

ಕುಂದಾಪುರದ ಹಳೇ ಬಸ್‌ಸ್ಟ್ಯಾಂಡಿನ ಎದುರು, ಚಪ್ಪಲಿ ಅಂಗಡಿಯ ಮಾಳಿಗೆಯಲ್ಲಿ ಶೈಲೇಶನ ಆಫೀಸು. ಜನರಿಗೆ ಮ್ಯೂಚುವಲ್ ಫಂಡ್ ಮಾಡಿಸಿಕೊಡುವುದು ಅವನ ಕೆಲಸ. ಅದಕ್ಕೆ ಬೇಕಾದ ಪರೀಕ್ಷೆ ಪಾಸಾಗಿ, ತನ್ನ ನೋಂದಣಿ ಸಂಖ್ಯೆಯನ್ನು ಬಾಗಿಲ ಮೇಲೆ ದೊಡ್ಡದಾಗಿ ಬರೆಸಿಕೊಂಡಿದ್ದ. ಎರಡು ವರ್ಷದಿಂದ ಯೂಟ್ಯೂಬಿನಲ್ಲಿ ಒಂದು ಚಾನೆಲನ್ನೂ ನಡೆಸುತ್ತಿದ್ದ. ದುಡ್ಡಿನ ವಿಚಾರವನ್ನು ಕುಂದಾಪ್ರ ಕನ್ನಡದಲ್ಲಿ ಹೇಳುವ ಚಾನೆಲ್ ಅದು.

ಅದಕ್ಕೆ ಮಾತು ಬರೆಯುತ್ತಿದ್ದವಳು, ಬೇರೆಯವರು ಬರೆದದ್ದನ್ನು ತಿದ್ದುತ್ತಿದ್ದವಳು ವಿನಯಾ. ಬ್ರಹ್ಮಾವರದವಳು. ಹತ್ತು ವರ್ಷ ಒಂದು ಇನ್ಶೂರೆನ್ಸ್ ಏಜೆನ್ಸಿಯಲ್ಲಿ ದುಡಿದು, ಅಲ್ಲಿ ಜನರಿಗೆ ಬಾಯಲ್ಲಿ ಹೇಳಿದ್ದೊಂದು, ಪಾಲಿಸಿಯಲ್ಲಿ ಇದ್ದದ್ದೊಂದು ಎಂಬುದನ್ನು ಕಂಡು ಬೇಸತ್ತು ಬಿಟ್ಟುಬಂದಿದ್ದಳು. ಆ ಬೇಸರದಿಂದಲೋ ಏನೋ, ಶೈಲೇಶನ ಆಫೀಸಿನಲ್ಲಿ ಅವಳ ಕೆಂಪು ಪೆನ್ನಿಗೆ ಎಲ್ಲರೂ ಅಂಜುತ್ತಿದ್ದರು. ‘ಹನ್ನೆರಡು ಪರ್ಸೆಂಟ್ ಬತ್ತ್’, ಅಂದರೆ ಬರುತ್ತದೆ, ಎಂದು ಯಾರಾದರೂ ಬರೆದರೆ ಆ ಸಾಲು ಅಲ್ಲಿಗೇ ಸತ್ತಿತು. ‘ಇಷ್ಟು ವರ್ಷ ಹೀಗೆ ಬಂದಿದೆ’ ಎಂದು ಬರೆದರೆ, ‘ಮುಂದೆಯೂ ಹಾಗೇ ಬರುತ್ತದೆ ಎಂದಲ್ಲ’ ಎಂದು ಪಕ್ಕದಲ್ಲೇ ಸೇರಿಸುವಳು. ‘ಬ್ಯಾಂಕಿಗಿಂತ ಒಳ್ಳೇದು’ ಕೂಡದು. ‘ಹೆಚ್ಚು ವರ್ಷ ಇಟ್ಟರೆ ನಷ್ಟವೇ ಇಲ್ಲ’ ಎನ್ನುವುದಂತೂ ಕೂಡಲೇ ಕೂಡದು. ಹೆಚ್ಚು ವರ್ಷ ಇಟ್ಟೂ ಕಳೆದುಕೊಂಡವರಿದ್ದಾರೆ. ವಿಡಿಯೋದ ಮುಖಚಿತ್ರದಲ್ಲಿ ನೋಟಿನ ಕಂತೆ, ಮೇಲಕ್ಕೆ ಹಾರುವ ಬಾಣ ಹಾಕಲು ಅವಳು ಬಿಟ್ಟವಳಲ್ಲ. ಬಾಯಿ ಸುಮ್ಮನಿದ್ದರೂ ಚಿತ್ರ ಮಾತು ಕೊಡುತ್ತದೆ ಎನ್ನುತ್ತಿದ್ದಳು. ಕೊನೆಯಲ್ಲಿ ಬರುವ ಎಚ್ಚರಿಕೆಯ ಮಾತನ್ನು ಓಡಿಸಿಕೊಂಡು ಹೇಳುವಂತಿಲ್ಲ. ಉಳಿದ ಮಾತನ್ನು ಹೇಳಿದ ನಿಧಾನದಲ್ಲೇ ಹೇಳಬೇಕು.

ಅದನ್ನು ಕ್ಯಾಮೆರಾದ ಎದುರು ಹೇಳುವವನು ಗುಡ್ಡ ಎಂಬವನು. ಮರವಂತೆಯ ಮೀನುಗಾರರ ಮನೆಯ ಹುಡುಗ, ಮೂವತ್ತೈದರ ಆಸುಪಾಸು. ಮದುವೆ ಮನೆಗಳಲ್ಲಿ, ಸಂಘದ ವಾರ್ಷಿಕೋತ್ಸವಗಳಲ್ಲಿ ಮೈಕು ಹಿಡಿದು ಜನರನ್ನು ನಗಿಸಿ ಹೆಸರು ಮಾಡಿದವನು. ಅವನು ಬಾಯಿ ಬಿಟ್ಟರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರ ಮನೆಯಲ್ಲೂ ಅವನು ಹೊರಗಿನವನಲ್ಲ. ಶೈಲೇಶ ಅವನನ್ನು ಹಿಡಿದುಕೊಂಡದ್ದು ಅದಕ್ಕೇ.

ಮಳೆ ಇಳಿಮುಖವಾಗುವ ಸೋಣೆ ತಿಂಗಳ ಒಂದು ಬೆಳಿಗ್ಗೆ. ಕಿಟಕಿಗೆ ಕಂಬಳಿ ಹೊದಿಸಿ, ಬೀದಿಯ ಹಾರನ್ನು ತಡೆದು, ಒಳಕೋಣೆಯಲ್ಲಿ ರೆಕಾರ್ಡಿಂಗ್ ನಡೆದಿತ್ತು. ಶೇರು ಮಾರುಕಟ್ಟೆಯ ಫಂಡು ಎಂದರೆ ಏನು ಎಂಬ ವಿಡಿಯೋ. ವಿನಯಾ ಬರೆದದ್ದನ್ನೆಲ್ಲ ಗುಡ್ಡ ಚೆನ್ನಾಗಿ ಹೇಳಿದ. ಏರುವುದು, ಇಳಿಯುವುದು, ಹಾಕಿದ್ದಕ್ಕಿಂತ ಕಡಿಮೆ ಕೈಗೆ ಬರುವುದು, ಐದು ವರ್ಷದೊಳಗೆ ಬೇಕಾಗುವ ದುಡ್ಡನ್ನು ಇಲ್ಲಿಗೆ ತರಲೇಬಾರದು ಎಂಬುದು, ಎಲ್ಲ. ಎಲ್ಲ ಮುಗಿಯಿತು ಎನ್ನುವಾಗ ಅವನು ಕ್ಯಾಮೆರಾದ ಕಡೆ ಸ್ವಲ್ಪ ಬಾಗಿ, ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳಿಬಿಟ್ಟ:

“ಹೆದ್ರ್ಬೇಡಿ ಮರಾಯ್ರೆ. ನಮ್ಮಕ್ಕನ ದುಡ್ಡೂ ಅಲ್ಲೇ ಇತ್ತ್.”

ಶೈಲೇಶ ಕ್ಯಾಮೆರಾ ನಿಲ್ಲಿಸಿ ಚಪ್ಪಾಳೆ ತಟ್ಟಿದ. ವಿನಯಾ ತಟ್ಟಲಿಲ್ಲ.

“ಆ ಕಡೇ ಮಾತ್ ಎಲ್ಲಿಂದ ಬಂತ್ ಗುಡ್ಡ? ನಾನ್ ಬರ್ದದ್ದಲ್ಲ ಅದ್.”

“ಬಾಯಿಗ್ ಬಂತ್ ವಿನಯಕ್ಕ. ಚಂದ ಆಯ್ಲಿಲ್ಯಾ?”

“ಹೆದರ್ಬೇಡಿ ಅಂಬ್ದ್ ಬೇಡ. ಹೆದರ್ಕಾದಲ್ಲಿ ಜನ ಹೆದರ್ಕೇ.”

“ಅದನ್ನ ತೆಗೀವ,” ಎಂದ ಶೈಲೇಶ. “ಅಕ್ಕನ ಮಾತ್ ಇರ್ಲಿ. ಅದ್ರಲ್ಲಿ ಪರ್ಸೆಂಟ್ ಇಲ್ಲೆ, ಗ್ಯಾರಂಟಿ ಇಲ್ಲೆ, ಫಂಡಿನ ಹೆಸ್ರೂ ಇಲ್ಲೆ. ಎಂತ ತಪ್ಪಿತ್ತ್ ಹೇಳಿ?”

ವಿನಯಾ ಯೋಚಿಸಿದಳು. ಲಾಭ ಕಂಡವರನ್ನು ಕರೆತಂದು ‘ನನಗೆ ಇಷ್ಟು ಬಂತು’ ಎಂದು ಹೇಳಿಸುವುದು ತಪ್ಪೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇಲ್ಲಿ ಲಾಭದ ಸುದ್ದಿಯೇ ಇಲ್ಲ. ‘ಅಲ್ಲೇ ಇತ್ತ್’, ದುಡ್ಡು ಅಲ್ಲಿದೆ ಎಂದಷ್ಟೇ. ಬರುತ್ತದೆ ಎಂದಿಲ್ಲ, ಬಂತು ಎಂದಿಲ್ಲ. ಮನಸ್ಸಿನ ಮೂಲೆಯಲ್ಲೊಂದು ಕಸಿವಿಸಿ ಇತ್ತು, ಆದರೆ ಅದನ್ನು ಹಿಡಿದು ತೋರಿಸಲು ಅವಳಿಗೆ ಒಂದು ಶಬ್ದ ಸಿಗಲಿಲ್ಲ. ಕೆಂಪು ಪೆನ್ನು ಶಬ್ದಗಳನ್ನು ಹೊಡೆಯಲು ಕಲಿತದ್ದು. ಹೊಡೆಯಲು ಅಲ್ಲಿ ಶಬ್ದ ಇರಲಿಲ್ಲ.

“ನಿನ್ನ ಅಕ್ಕ ಹಾಕಿದ್ದಾಳಾ?” ಎಂದು ಕೇಳಿದಳು.

ಗುಡ್ಡ ನಕ್ಕ. “ಅವ್ಳ್ ಸೊಸೈಟಿ ಬಿಟ್ರೆ ಬೇರೆ ಕಂಡವ್ಳಲ್ಲ.”

“ಹಾಂಗಾರೆ ಅದ್ ಸುಳ್. ಸುಳ್ ಹೇಳೂಕಾಗ. ನಿಜ ಆಗಿದ್ರೆ ಇರ್ಲಿ, ಇಲ್ದಿದ್ರೆ ತೆಗೀಕ್.”

ನಿಜವಲ್ಲದ ಮಾತನ್ನು ತೆಗೆಯಬೇಕೆಂದು ತೀರ್ಮಾನ ಆಯಿತೆಂದು ಅವಳು ಬಸ್ಸಿಗೆ ಹೊರಟಳು.

ಆ ವಾರ ಮುಗಿಯುವ ಮೊದಲೇ ಗುಡ್ಡ ಅಕ್ಕನನ್ನು ಕರೆದುಕೊಂಡು ಮೆಟ್ಟಿಲೇರಿ ಬಂದ. ಅವಳ ಹೆಸರು ಬೆಳ್ಳಿ. ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು ಮರವಂತೆ, ನಾವುಂದದ ಮನೆಗಳಿಗೆ ಮಾರುವವಳು. ಒಳ್ಳೆಯ ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು ಬಂದಿದ್ದಳು. ಕುರ್ಚಿಯ ತುದಿಯಲ್ಲಿ ಕೂತು ಆಫೀಸನ್ನೆಲ್ಲ ನೋಡುತ್ತಿದ್ದಳು. ತಮ್ಮ ಕೆಲಸ ಮಾಡುವ ಜಾಗವನ್ನು ಅವಳು ಕಂಡದ್ದು ಅದೇ ಮೊದಲು.

ಶೈಲೇಶ ಫಾರಂ ತುಂಬುತ್ತ, “ಎಷ್ಟ್ ವರ್ಷಕ್ಕೆ ಅಕ್ಕಾ ಈ ದುಡ್ಡ್?” ಎಂದು ಕೇಳಿದ. ಕೇಳಲೇಬೇಕಾದ ಪ್ರಶ್ನೆ ಅದು.

ಬೆಳ್ಳಿ ತಮ್ಮನ ಮುಖ ನೋಡಿದಳು.

“ಐದರ ಮೇಲೇ ಬರೀರಿ,” ಎಂದ ಗುಡ್ಡ.

ನಷ್ಟವಾದರೆ ತಡೆದುಕೊಳ್ಳಬಲ್ಲಿರಾ ಎಂಬ ಪ್ರಶ್ನೆಗೂ ಅವನೇ ಉತ್ತರ ಕೊಟ್ಟ. ಶೈಲೇಶ ಬರೆದುಕೊಂಡ. ವಿನಯಾ ಅಲ್ಲೇ ಮೇಜಿನ ಈಚೆ ಇದ್ದಳು. ಅವಳ ಮನಸ್ಸಿನಲ್ಲಿದ್ದದ್ದು ಬೇರೆಯೇ. ಆ ಮಾತು ಈಗ ಸುಳ್ಳಲ್ಲ ಎಂಬ ನೆಮ್ಮದಿ.

“ಬೆಳ್ಳಿಯಕ್ಕ, ವಿಡಿಯೋದಲ್ಲಿ ನಿಮ್ಮ ಸುದ್ದಿ ಬತ್ತ್. ನಿಮ್ಗೆ ಒಪ್ಪಿಗೆ ಇತ್ತಲ್ದಾ?” ಎಂದು ಕೇಳಿದಳು.

ಬೆಳ್ಳಿ ನಾಚಿ ನಕ್ಕಳು. “ತಮ್ಮ ಹೇಳಿದ್ ಮೇಲೆ ಎಂತ.”

ವಿಡಿಯೋ ಹೊರಬಂತು. ಚಾನೆಲ್ಲಿನಲ್ಲಿ ಅಷ್ಟು ಜನ ನೋಡಿದ ವಿಡಿಯೋ ಮತ್ತೊಂದಿರಲಿಲ್ಲ. ಮಾರುಕಟ್ಟೆ ಏರಿ ನಿಂತಿದ್ದ ಕಾಲ ಅದು. ಫಾರಂ ತುಂಬಲು ಬಂದವರು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ಏರುವುದು ಇಳಿಯುವುದರ ಬಗ್ಗೆ ವಿನಯಾ ಅಷ್ಟು ಕಷ್ಟಪಟ್ಟು ಬರೆದದ್ದನ್ನು ಯಾರೂ ಎತ್ತಲಿಲ್ಲ. ಬಂದವರೆಲ್ಲ ಕೇಳಿದ್ದು ಒಂದೇ: “ಗುಡ್ಡನ ಅಕ್ಕ ಹಾಕಿದ್ ಯಾವ್ದ್? ನಮ್ಗೂ ಅದೇ ಇರ್ಲಿ.” ವಿನಯಾ ಪ್ರತಿಯೊಬ್ಬರಿಗೂ ಅಪಾಯದ ಮಾತು ಮತ್ತೆ ಹೇಳುವಳು. ಅವರು ಪುರೋಹಿತರ ಮಂತ್ರ ಕೇಳುವ ಹಾಗೆ ತಲೆಯಾಡಿಸುತ್ತ ಮುಗಿಯುವುದನ್ನು ಕಾಯುವರು.

ದೀಪಾವಳಿಯ ಹೊತ್ತಿಗೆ ಮಾರುಕಟ್ಟೆ ಇಳಿಯತೊಡಗಿತು. ಇಳಿದದ್ದು ನಿಲ್ಲಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ, ವಿನಯಾ ಊಟ ಮುಗಿಸಿ ಕೈ ತೊಳೆಯುವಾಗ ಗುಡ್ಡ ಹಿಂದೆ ಬಂದು ನಿಂತ.

“ವಿನಯಕ್ಕ, ಆ ಫಂಡ್ ಯಾವಾಗ ಮೇಲ್ ಬತ್ತ್?”

“ಯಾರಿಗೂ ಗೊತ್ತಿಲ್ಲೆ.”

“ಒಂದ್ ಅಂದಾಜ್?”

“ಅಂದಾಜೂ ಹೇಳೂಕಾಗ. ಎಂತಕ್ ಕೇಂತೆ?”

ಆಗ ಅವನು ಹೇಳಿದ. ಬೆಳ್ಳಿಯ ಮನೆ ಹೆದ್ದಾರಿಯ ಪಡುಬದಿಗೆ, ಕಡಲಿಗೆ ಬೆನ್ನು ಹಾಕಿ ಕೂತದ್ದು. ಹೋದ ಮಳೆಗಾಲದಲ್ಲಿ ಅಲೆ ತೆಂಗಿನ ಮರಗಳನ್ನು ದಾಟಿ ಬಚ್ಚಲಿನವರೆಗೆ ಬಂದಿತ್ತು. ಇನ್ನು ಅಲ್ಲಿರುವುದು ಬೇಡವೆಂದು ಬೆಳ್ಳಿ ಮತ್ತು ಅವಳ ಗಂಡ ಸೂರ, ಬಿಜೂರಿನಲ್ಲಿ ಕಿಟ್ಟ ಎಂಬವನ ತೋಟದ ಬದಿಯ ಚೂರು ಜಾಗ ನೋಡಿದ್ದರು. ಕಿಟ್ಟನಿಗೆ ಅಣ್ಣತಮ್ಮಂದಿರ ಪಾಲುಪಟ್ಟಿ ಆಗಬೇಕಿತ್ತು. ಸಂಕ್ರಾಂತಿ ಕಳೆದ ಮೇಲೆ ಬರೆದುಕೊಡುತ್ತೇನೆಂದಿದ್ದ. ಸೊಸೈಟಿಯಿಂದ ತೆಗೆಸಿ ಫಂಡಿಗೆ ಹಾಕಿಸಿದ್ದು ಆ ಜಾಗದ ದುಡ್ಡು. ಗಂಡ ಹೆಂಡತಿ ಇಡೀ ಆಯುಷ್ಯ ದುಡಿದದ್ದು.

“ಆರ್ ತಿಂಗ್ಳ್ ಸುಮ್ನೆ ಕೂತ್ಕಂಡಿತ್ತಲೆ, ಅಷ್ಟ್ರಲ್ಲಿ ಸ್ವಲ್ಪ ಬೆಳೀಲಿ ಅಂದೆ,” ಎಂದ ಗುಡ್ಡ.

ವಿನಯಾಳ ಕೈಯಿಂದ ನೀರು ಸೋರುತ್ತಲೇ ಇತ್ತು. “ಐದ್ ವರ್ಷದ ಒಳ್ಗ್ ಬೇಕಾದ್ ದುಡ್ಡ್ ತರ್ಬೇಡಿ ಅಂತ ಆ ವಿಡಿಯೋದಲ್ಲಿ ನೀನೇ ಹೇಳಿದ್ಯಲ್ಲ.”

“ಹೇಳಿದ್ದೆ. ಅದ್ ವಿಡಿಯೋದ್ ಮಾತ್ ಅಂದ್ಕಂಡೆ.”

“ಎಂತಕ್ ಹಾಕ್ಸ್ದೆ ಮರಾಯಾ?”

ಗುಡ್ಡ ಅವಳ ಮುಖ ನೋಡಿದ. ಅವನ ದನಿಯಲ್ಲಿ ದೂರಿರಲಿಲ್ಲ. “ನೀವ್ ನಿಜ ಆಗಿದ್ರೆ ಇರ್ಲಿ ಅಂದ್ರಿ ಅಲ್ದಾ. ಅಷ್ಟ್ ಚಂದದ್ ಮಾತ್ ತೆಗೀಕಾತ್ತಲ್ಲ ಅಂತ ನಿಜ ಮಾಡ್ದೆ.”

ಮಾಡಬಹುದಾದದ್ದು ಎರಡೇ. ಈಗಲೇ ತೆಗೆಯುವುದು, ಇಲ್ಲವೇ ಕಾಯುವುದು. ಕಾದರೆ ಏರುತ್ತದೆ ಎಂದು ಶೈಲೇಶನ ಬಾಯಿಗೆ ಬಂದದ್ದನ್ನು ವಿನಯಾ ಕಣ್ಣಲ್ಲೇ ತಡೆದಳು. ಬೆಳ್ಳಿ ಕಾಯಲು ನೋಡಿದಳು; ಕಿಟ್ಟನ ಹತ್ತಿರ ಹೋಗಿ ಸ್ವಲ್ಪ ದಿನ ಕೊಡಿ ಎಂದು ಕೇಳಿದಳು. ಅವನೂ ಕೊಟ್ಟ. ಆ ದಿನಗಳಲ್ಲಿ ಮಾರುಕಟ್ಟೆ ಇನ್ನಷ್ಟು ಇಳಿಯಿತು. ಕಡೆಗೆ ತೆಗೆಸುವಾಗ ಹೆಚ್ಚುಕಡಿಮೆ ಕಾಲುಭಾಗ ಕರಗಿತ್ತು. ಉಳಿದದ್ದನ್ನು ಹಿಡಿದುಕೊಂಡು ಬಿಜೂರಿಗೆ ಹೋದರೆ, ಕಡಿಮೆ ಬೆಲೆಗೆ ಕೊಡಲು ಕಿಟ್ಟನ ಅಣ್ಣತಮ್ಮಂದಿರು ಒಪ್ಪಲಿಲ್ಲ. ಜಾಗ ಶಿರೂರಿನವರೊಬ್ಬರಿಗೆ ಹೋಯಿತು. ಮತ್ತೊಂದು ಜಾಗ ಹುಡುಕುವುದರಲ್ಲಿ ಚೈತ್ರ ವೈಶಾಖ ಕಳೆದು, ಮಳೆ ಮೊದಲೇ ಬಂದುಬಿಟ್ಟಿತು.

ಅದು ಬಂದ ಎರಡನೇ ವಾರ, ಹಾಡಹಗಲು, ಕಡಲು ಬೆಳ್ಳಿಯ ಅಡಿಗೆಮನೆಯ ಬುಡವನ್ನು ತೋಡಿತು. ಬೆಳ್ಳಿ ಮೀನು ಬುಟ್ಟಿ ಹಿಡಿದು ನಾವುಂದದ ಕಡೆ ಹೋಗಿದ್ದಳು. ಸೂರ ಒಬ್ಬನೇ ಸಾಮಾನು ಎತ್ತಿ ರಸ್ತೆಗೆ ತರುತ್ತಿದ್ದ. ಪಾತ್ರೆ, ಬಟ್ಟೆ, ಬಲೆ ಎಲ್ಲ ತಂದಾಗಿತ್ತು. ಗ್ಯಾಸ್ ಸಿಲಿಂಡರಿಗೆಂದು ಮತ್ತೊಮ್ಮೆ ಒಳಗೆ ಹೋದ. ಕೆಂಪು ಮುರಕಲ್ಲಿನ ಗೋಡೆ ನಿಂತಲ್ಲೇ ಕುಳಿತಂತೆ ಇಳಿದು ಅವನ ಸೊಂಟದ ಮೇಲೆ ಬಿತ್ತು. ನೆರೆಯವರು ಕಲ್ಲು ಸರಿಸಿ ಎಳೆದು ತಂದರು. ಜೀವ ಉಳಿಯಿತು. ಮಣಿಪಾಲದಲ್ಲಿ ಎರಡು ಸಲ ಆಪರೇಷನ್ ಆಯಿತು. ಜಾಗಕ್ಕೆಂದು ಉಳಿದಿದ್ದ ದುಡ್ಡು ಅಲ್ಲಿಗೆ ಹೋಯಿತು. ಸೂರ ಇನ್ನು ದೋಣಿ ಹತ್ತುವವನಲ್ಲ ಎಂದು ಡಾಕ್ಟರು ಹೇಳಿದರು.

ಮಳೆ ಹಿಡಿದು ಹೊಯ್ಯುವ ಆಟಿ ತಿಂಗಳಲ್ಲಿ ವಿನಯಾ ಬೈಂದೂರಿಗೆ ಹೋದಳು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಶೀಟು ಹೊದಿಸಿದ ಸಾಲುಕೋಣೆಗಳಲ್ಲಿ ಒಂದು ಬೆಳ್ಳಿಯ ಬಾಡಿಗೆ ಮನೆ. ಗೋಡೆಗೆ ಮುಖ ಮಾಡಿ ಮಲಗಿದ್ದ ಸೂರ ತಿರುಗಿ ನೋಡಲಿಲ್ಲ. ಮಳೆ ಶೀಟಿನ ಮೇಲೆ ಬೀಳುವ ಸದ್ದಿಗೆ ಮಾತನ್ನು ಎತ್ತರಿಸಿಯೇ ಆಡಬೇಕಿತ್ತು; ತಪ್ಪಾಯಿತು ಎಂಬ ಮಾತನ್ನು ಹಾಗೆ ಕೂಗಿ ಹೇಳಬೇಕಾಗುತ್ತದೆಂದು ವಿನಯಾ ಎಣಿಸಿರಲಿಲ್ಲ.

ಬೆಳ್ಳಿ ಚಾ ಕೊಟ್ಟಳು. ಬೈಯಲಿಲ್ಲ.

“ಆವತ್ತ್ ನೀವೂ ಅಲ್ಲೇ ಇದ್ದಿದ್ರಿ,” ಎಂದಳು. “ಒಪ್ಪಿಗೆ ಇತ್ತಾ ಕೇಂಡ್ರಿ. ದುಡ್ಡ್ ಎಂತಕ್ ಇಟ್ಟದ್ದ್ ಅಂತ ಕೇಣ್ಲಿಲ್ಲೆ.”

“ಇಲ್ಲೆ. ಕೇಣ್ಲಿಲ್ಲೆ.”

“ನಾನೂ ಹೇಳ್ಲಿಲ್ಲೆ. ತಮ್ಮ ಕುಶಿಯಲ್ಲಿದ್ದ.”

ಗುಡ್ಡ ಎಲ್ಲಿ ಎಂದು ವಿನಯಾ ಕೇಳಿದಳು. ಅವನು ಆಫೀಸಿಗೆ ಬರದೆ ತಿಂಗಳಾಗಿತ್ತು. ಮಳೆಗಾಲದ ತಡೆ ಮುಗಿದು ಮೀನುಗಾರಿಕೆ ಶುರುವಾಗುವ ಹೊತ್ತಿಗೆ ರತ್ನಗಿರಿಯ ಕಡೆ ಬೋಟಿಗೆ ಹೋಗುತ್ತೇನೆಂದು ಹೇಳಿ ಹೋದನಂತೆ. ಹೊರಡುವ ದಿನ ಬಾಗಿಲವರೆಗೆ ಬಂದ, ಬಾವ ಮಾತಾಡಲಿಲ್ಲ, ಹಾಗೇ ಹೋದ.

“ಬೆಳ್ಳಿಯಕ್ಕ, ನಡೆದದ್ದನ್ನ ಇದ್ದ ಹಾಂಗೆ ಒಂದ್ ವಿಡಿಯೋದಲ್ಲಿ ಹೇಳ್ವ ಅಂತ ಇತ್ತ್. ನಿಮ್ ಸುದ್ದಿ ಕೇಂಡ್ ದುಡ್ಡ್ ಹಾಕಿದವ್ರ್ ಸುಮಾರ್ ಜನ ಇದ್ರ್. ಅವ್ರಿಗೆ ಗೊತ್ತಾಯ್ಕ್.”

ಬೆಳ್ಳಿ ಲೋಟ ಎತ್ತಿಕೊಂಡಳು. “ನನ್ ಹೆಸ್ರ್ ಇನ್ನ್ ಎಲ್ಲೂ ಹೇಳ್ಬೇಡಿ,” ಎಂದಳು. “ಮೀನ್ ಮಾರೂಕೆ ಹೋದಲ್ಲೆಲ್ಲ ಕೇಂತ್ರ್. ಸಾಕಾಯ್ತ್ ನಂಗೆ.”

ವಿನಯಾ ಹೊಸ ವಿಡಿಯೋದ ಯೋಚನೆಯನ್ನು ಅಲ್ಲಿಗೇ ಬಿಟ್ಟಳು. ಒಮ್ಮೆ ಬೆಳ್ಳಿಯ ಒಪ್ಪಿಗೆ ಕೇಳಿದ್ದಾಗಿತ್ತು. ಈಗ ಅವಳು ಇಲ್ಲ ಎಂದಿದ್ದಳು.

ಮಾರನೇ ದಿನ ಶೈಲೇಶನ ಎದುರು ಕೂತು, ಆ ಹಳೇ ವಿಡಿಯೋವನ್ನು ಚಾನೆಲ್ಲಿನಿಂದ ತೆಗೆದುಹಾಕಬೇಕು ಎಂದಳು. ಅವನು ಒಪ್ಪಲಿಲ್ಲ. ಅವನೂ ಕುಗ್ಗಿದ್ದ, ಸೂರನ ಆಸ್ಪತ್ರೆಗೆ ಎರಡು ಸಲ ಹೋಗಿ ಬಂದಿದ್ದ. ಆದರೂ ಹೆದರಿಕೆ ಅವನಿಗೆ ಬೇರೆ ಇತ್ತು.

“ತೆಗೆದ್ರೆ ತಪ್ಪ್ ಮಾಡಿದ್ವಿ ಅಂತ ಒಪ್ಕಂಡ ಹಾಂಗೆ ಆತ್ತ್ ವಿನಯಾ. ಒಂದ್ ಶಬ್ದ ಹೆಚ್ಚ್ ಕಮ್ಮಿ ಇಲ್ಲೆ ಅದ್ರಲ್ಲಿ. ನೀವೇ ಪಾಸ್ ಮಾಡಿದ್ದ್.”

“ಹೌದ್. ಶಬ್ದ ಎಲ್ಲ ಸರಿ ಇತ್ತ್,” ಎಂದಳು ವಿನಯಾ. “ಅಕ್ಕನ ದುಡ್ಡ್ ಅಲ್ಲಿತ್ತ್ ಅಂದ್ರೆ ಜನಕ್ಕೆ ಎಂತ ಕೇಂಡ್ತ್ ಗೊತ್ತಾ? ದುಡ್ಡ್ ಕಳ್ದ್ ಹೋಪುದಿಲ್ಲೆ ಅಂತ ಕೇಂಡ್ತ್. ಯಾರೂ ಅಕ್ಕನ ದುಡ್ಡ್ ಹೋಪಲ್ಲಿ ಹಾಕ್ತಿಲ್ಲೆ. ನಾವ್ ಗ್ಯಾರಂಟಿ ಅಂಬ ಶಬ್ದ ಒಂದ್ ಹೇಳ್ಲಿಲ್ಲೆ, ಗ್ಯಾರಂಟಿ ಕೊಟ್ಟಾಯ್ತ್.”

ಅವಳು ಹಾಗೆ ಹೇಳಿದ್ದು ಶೈಲೇಶನಿಗೋ ತನಗೋ ಅವಳಿಗೇ ತಿಳಿಯಲಿಲ್ಲ. ಸೋಣೆಯ ಆ ಬೆಳಿಗ್ಗೆ ಇಷ್ಟನ್ನು ಹೇಳಲು ಬಾಯಿ ಬಂದಿದ್ದರೆ ಸಾಕಿತ್ತು.

ಅವನು ವಿಡಿಯೋ ತೆಗೆದುಹಾಕಿದ. ಆದರೆ ತೆಗೆಯಲು ಆಗದ್ದು ಬೇರೆ ಇತ್ತು. ಯಾರೋ ಆ ಕೊನೆಯ ಮಾತನ್ನಷ್ಟೇ ಕತ್ತರಿಸಿ ವಾಟ್ಸಾಪಿನಲ್ಲಿ ಬಿಟ್ಟಿದ್ದರು. ಹಿಂದಿನ ಏರಿಳಿತದ ಮಾತೂ ಇಲ್ಲ, ಕೊನೆಯ ಎಚ್ಚರಿಕೆಯೂ ಇಲ್ಲ. ಗುಡ್ಡನ ಮುಖ, ಅಕ್ಕನ ಮಾತು, ಅಷ್ಟೇ. ಅದು ಊರೂರು ಸುತ್ತುತ್ತಿತ್ತು. ಅದಕ್ಕೆ ವಿನಯಾಳ ಹತ್ತಿರ ಮದ್ದಿರಲಿಲ್ಲ.

ಅವಳ ಕೈಯಲ್ಲಿದ್ದದ್ದು ಫೋನು. ಆ ವಿಡಿಯೋ ನೋಡಿ ಆಫೀಸಿಗೆ ಬಂದು ಫಾರಂ ತುಂಬಿದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, ಅಂದು ಕೇಳದೆ ಬಿಟ್ಟ ಪ್ರಶ್ನೆ ಕೇಳತೊಡಗಿದಳು: ಈ ದುಡ್ಡು ಎಂತಕ್ಕೆ ಇಟ್ಟದ್ದು, ಯಾವಾಗ ಬೇಕು? ಶೈಲೇಶನ ಹಾಗೆ ಅವಳೂ ಫಂಡಿನ ಪರೀಕ್ಷೆ ಪಾಸಾದವಳು, ಕೇಳುವ ಹಕ್ಕಿತ್ತು. ಕೆಲವರು ಬೈದು ಇಟ್ಟರು. ಕೆಲವರು ಎತ್ತಲಿಲ್ಲ. ಕೋಟದ ಕಡೆಯ ಒಬ್ಬ ಹೆಂಗಸು, ಗಂಡನಿಗೆ ಗೊತ್ತಿಲ್ಲ, ದಮ್ಮಯ್ಯ ಮತ್ತೆ ಫೋನು ಮಾಡಬೇಡಿ ಎಂದಳು. ಹಲವರಿಗೆ ಆ ದುಡ್ಡಿನ ಅಗತ್ಯ ಸದ್ಯಕ್ಕಿರಲಿಲ್ಲ. ಅವರು ಇರಲಿ ಬಿಡಿ ಎಂದರು.

ಒಂದು ಸಂಜೆ ಬಾರ್ಕೂರಿನ ಹತ್ತಿರದ ತಿಮ್ಮ ಎಂಬ ಹಿರಿಯರು ಸಿಕ್ಕರು. ಉಡುಪಿಯಲ್ಲಿ ಹೋಟೆಲ್ ಕೆಲಸ ಮಾಡಿ ಬಿಟ್ಟವರು. ಮಗಳ ಮದುವೆಗೆಂದು ಇಟ್ಟದ್ದು ಎಂದರು. ಮದುವೆ ಬರುವ ವರ್ಷ.

ವಿನಯಾ ಬಿಡಿಸಿ ಹೇಳಿದಳು. ಈಗ ತೆಗೆದರೆ ಹಾಕಿದ್ದಕ್ಕಿಂತ ಕಡಿಮೆ ಬರುತ್ತದೆ. ಇಟ್ಟರೆ ಏರಲೂಬಹುದು, ಇನ್ನೂ ಇಳಿಯಲೂಬಹುದು. ಯಾವುದಾಗುತ್ತದೆಂದು ಹೇಳುವವರು ಯಾರೂ ಇಲ್ಲ. ಇಂಥ ದಿನ ಬೇಕೇ ಬೇಕೆನ್ನುವ ದುಡ್ಡು ಇರಬೇಕಾದ ಜಾಗ ಇದಲ್ಲ. ಇದನ್ನು ಮೊದಲೇ ಹೇಳಬೇಕಿತ್ತು.

ತಿಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಹಿನ್ನೆಲೆಯಲ್ಲಿ ಯಾರೋ ಬಾವಿಯಿಂದ ನೀರು ಸೇದುವ ಸದ್ದು ಕೇಳುತ್ತಿತ್ತು.

“ಅದೆಲ್ಲ ಆಯ್ತ್ ಅಮ್ಮ,” ಎಂದರು. “ತೆಗೀಕಾ, ಬಿಡ್ಕಾ? ಒಂದ್ ಮಾತ್ ಖಾತ್ರಿಯಾಯ್ ಹೇಳಿ. ನೀವ್ ಹೇಳಿದ್ ಹಾಂಗೆ ಮಾಡ್ತೆ.”

“ಖಾತ್ರಿಯಾಯ್ ಹೇಳೂಕೆ ನನ್ಹತ್ರ ಆತಿಲ್ಲೆ ತಿಮ್ಮಣ್ಣ. ಯಾರ್ ಹೇಳಿರೂ ನಂಬ್ಬೇಡಿ. ಮದುವೆಗೆ ಎಷ್ಟ್ ಆದ್ರೆ ನಡೀತ್, ಎಷ್ಟ್ ಹೋದ್ರೆ ತಡ್ಕಂಬ್ಕಾತ್ತ್ ಅಂತ ಮನೆಯಲ್ಲಿ ಕೂತ್ ಯೋಚ್ನೆ ಮಾಡಿ.”

ಅವರಿಗೆ ಇದರಿಂದ ಬೇಸರವಾಯಿತೋ ಸಿಟ್ಟು ಬಂತೋ ಅವಳಿಗೆ ತಿಳಿಯಲಿಲ್ಲ. ಆಮೇಲೆ ಅವರು, ಅವಳ ಕಷ್ಟ ಅರ್ಥವಾದವರ ಹಾಗೆ, ಮೆಲ್ಲಗೆ ಕೇಳಿದರು:

“ಗುಡ್ಡ ಇದ್ನಾ ಅಲ್ಲಿ? ಅವ್ನ್ ಕೈಗ್ ಫೋನ್ ಕೊಡಿ. ಅವ ಹೇಳ್ತ.”

ಗುಡ್ಡ ಇಲ್ಲ, ಬೋಟಿಗೆ ಹೋಗಿದ್ದಾನೆ ಎಂದಳು ವಿನಯಾ. ತಿಮ್ಮ ಫೋನು ಇಡಲಿಲ್ಲ. ಅವಳೂ ಇಡಲಿಲ್ಲ. ಆ ಒಂದು ಖಾತ್ರಿಯ ಮಾತಿಗೆ ಅವರು ಇನ್ನೂ ಕಾಯುತ್ತಿರುವುದು ಉಸಿರಿನಲ್ಲಿ ಕೇಳಿಸುತ್ತಿತ್ತು.